ಸತ್ತ ಕೋಳಿ ತಿಂದ ಮೇವು

ಬ್ರಾಯ್ಲರ್ ಸಾಕುವವರ ನಡುವೆ ಮಾತು ಶುರುವಾಗುವುದೇ ಎಫ್‌ಸಿಆರ್‌ನಿಂದ. ಒಂದು ಕಿಲೋ ಜೀವಂತ ಕೋಳಿ ಮಾರಲು ಎಷ್ಟು ಕಿಲೋ ಮೇವು ಖರ್ಚಾಯಿತು ಎಂಬ ಲೆಕ್ಕ ಅದು. ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಎಫ್‌ಸಿಆರ್ ಏರಿತು ಎಂದಷ್ಟೇ ತಿಳಿದರೆ ಸಾಲದು, ಏಕೆ ಏರಿತು ಎಂಬುದನ್ನೂ ಬ್ಯಾಚ್ ಪುಸ್ತಕ ಹೇಳಬೇಕು.

ಸ್ವಂತ ಬಂಡವಾಳದ ಒಂದು ಶೆಡ್ ಇಟ್ಟುಕೊಳ್ಳೋಣ. ದರಗಳು ದಿನದಿನಕ್ಕೂ ಬದಲಾಗುವುದರಿಂದ ಇಲ್ಲಿರುವವು ಲೆಕ್ಕಕ್ಕಾಗಿ ಹಿಡಿದವು. 35 ರೂಪಾಯಿಯಂತೆ 5,000 ಮರಿ ಬಿಟ್ಟರೆ 1,75,000. ಅವುಗಳಲ್ಲಿ 250 ಮರಿ ಮೊದಲ ವಾರದಲ್ಲೇ ಸತ್ತವು, ಅಂದರೆ ನೂರಕ್ಕೆ ಐದು. ಉಳಿದ 4,750 ಕೋಳಿ ಸರಾಸರಿ ಎರಡು ಕಿಲೋ ತೂಗಿ, ಒಟ್ಟು 9,500 ಕಿಲೋ ಮಾರಾಟವಾದವು. ಖರ್ಚಾದ ಮೇವು 16,150 ಕಿಲೋ. ಶೆಡ್ಡಿನಲ್ಲಿ ಉಳಿದ ಮೂಟೆಗಳನ್ನು ಕಳೆದೇ ಈ ಅಂಕಿ ಬರೆಯಬೇಕು. ಭಾಗಿಸಿದರೆ ಎಫ್‌ಸಿಆರ್ 1.7. ಕಿಲೋಗೆ 40 ರೂಪಾಯಿಯಂತೆ ಮೇವಿಗೆ 6,46,000. ಔಷಧಿ, ಲಸಿಕೆ, ಹೊಟ್ಟು, ಕರೆಂಟು, ಕೂಲಿಗೆ 45,000. ಕಿಲೋಗೆ ನೂರು ರೂಪಾಯಿ ಸಿಕ್ಕಿದರೆ ಲಾಭ 84,000, ಮಾರಿದ ಪ್ರತಿ ಕೋಳಿಗೆ ಹದಿನೇಳು ರೂಪಾಯಿ ಎಪ್ಪತ್ತು ಪೈಸೆಯಷ್ಟು.

ಈಗ ಅದೇ 250 ಕೋಳಿ ಐದನೇ ವಾರದ ಕೊನೆಗೆ ಸತ್ತವು ಎನ್ನಿ. ಸಾವಿನ ಪ್ರಮಾಣ ಆಗಲೂ ನೂರಕ್ಕೆ ಐದೇ, ಮಾರಿದ ತೂಕವೂ ಅಷ್ಟೇ. ಆದರೆ ಮೊದಲ ವಾರದ ಮರಿ ತಿನ್ನುವುದು ನೂರೈವತ್ತು ಗ್ರಾಂ ಆಸುಪಾಸು. 35 ದಿನದ ಕೋಳಿ ಅಷ್ಟರಲ್ಲಿ ಮೂರು ಕಿಲೋ ಮುಗಿಸಿರುತ್ತದೆ. ಹೆಚ್ಚುವರಿ 710 ಕಿಲೋ ಮೇವು, ಅಂದರೆ 28,400 ರೂಪಾಯಿ, ಸತ್ತ ಕೋಳಿಗಳ ಜೊತೆ ಗುಂಡಿಗೆ ಹೋಯಿತು. ಎಫ್‌ಸಿಆರ್ 1.77 ದಾಟಿತು, ಕೋಳಿಗೆ ಸಿಗುವ ಲಾಭ ಹನ್ನೊಂದು ರೂಪಾಯಿ ಎಪ್ಪತ್ತು ಪೈಸೆಗೆ ಇಳಿಯಿತು. ನೂರಕ್ಕೆ ಇಷ್ಟು ಸತ್ತವು ಎಂದಷ್ಟೇ ಬರೆದಿಟ್ಟ ಪುಸ್ತಕದಲ್ಲಿ ಈ ಆರು ರೂಪಾಯಿ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಾಗದು.

ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟು: ಪ್ರತಿ ಬೆಳಿಗ್ಗೆ ಸತ್ತವುಗಳ ಸಂಖ್ಯೆಯ ಜೊತೆ ಅವುಗಳ ತೂಕವನ್ನೂ ಬರೆಯಿರಿ. ಬ್ಯಾಚ್ ಮುಗಿದ ಮೇಲೆ ಆ ತೂಕವನ್ನು ಮಾರಿದ ತೂಕಕ್ಕೆ ಕೂಡಿಸಿ ಇನ್ನೊಮ್ಮೆ ಭಾಗಿಸಿ. ನಮ್ಮ ಎರಡನೇ ಶೆಡ್ಡಿನಲ್ಲಿ ಸತ್ತವು ತಲಾ 1.8 ಕಿಲೋ ಇದ್ದರೆ ಒಟ್ಟು 450 ಕಿಲೋ. ಎಫ್‌ಸಿಆರ್ ಮತ್ತೆ 1.7ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಮೇವು ಮೈಗೆ ಹತ್ತಿದೆ, ನಷ್ಟ ತಂದದ್ದು ರೋಗ ಇಲ್ಲವೇ ಬಿಸಿಲಿನ ಹೊಡೆತ. ಪಶುವೈದ್ಯರನ್ನು ಕರೆಸಿ ಸತ್ತ ಕೋಳಿ ಕೊಯ್ಸಿ ನೋಡಬೇಕಾದ ಬ್ಯಾಚ್ ಇದು.

ಹಾಗೆ ಕೂಡಿಸಿದ ಮೇಲೂ ಅಂಕಿ ಇಳಿಯದಿದ್ದರೆ ಬದುಕಿದ್ದ ಕೋಳಿಗಳ ಕಡೆ ನೋಡಬೇಕು. ಫೀಡರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿಂತ ಕೆಳಗಿದ್ದರೆ, ಇಲ್ಲವೇ ತುಂಬಿ ತುಳುಕುವಷ್ಟು ಹಾಕಿದ್ದರೆ, ಕೆದಕಿದ ಮೇವು ಹೊಟ್ಟಿನೊಳಗೆ ಸೇರುತ್ತದೆ. ಫೀಡರಿನ ಕೆಳಗಿನ ಹೊಟ್ಟನ್ನು ಕೈಯಲ್ಲಿ ಹಿಡಿದು ಉದುರಿಸಿದರೆ ಮೇವಿನ ಕಾಳು ಅಂಗೈಯಲ್ಲೇ ಕಾಣಿಸುತ್ತದೆ. ಒಂಬತ್ತೂವರೆ ಸಾವಿರ ಕಿಲೋ ಮಾರುವ ಶೆಡ್ಡಿನಲ್ಲಿ ಎಫ್‌ಸಿಆರ್ ಕೇವಲ 0.1 ಏರಿದರೂ ಹತ್ತೊಂಬತ್ತು ಮೂಟೆ ಮೇವು ಹೋಯಿತು, ಕೋಳಿಗೆ ಎಂಟು ರೂಪಾಯಿ.