ಐವತ್ತರ ವೇಗ, ಮೂರಂತಸ್ತಿನ ಎತ್ತರ

ಸುತ್ತಲೂ ಕಟ್ಟೆಯಿಲ್ಲದ ತಾರಸಿಯ ಅಂಚಿಗೆ ಹೋಗಿ ನಿಂತರೆ ಯಾರಿಗಾದರೂ ಅಂಗಾಲು ಜುಮ್ಮೆನ್ನುತ್ತದೆ. ಆ ಭಯವನ್ನು ಯಾರೂ ಕಲಿಸಬೇಕಿಲ್ಲ. ಅದೇ ಮನುಷ್ಯ ಸ್ಕೂಟರ್ ಹತ್ತಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅವನ ಅಂಗಾಲಿಗೆ ಏನೂ ಆಗುವುದಿಲ್ಲ. ಮುಖಕ್ಕೆ ತಂಗಾಳಿ ಬಡಿಯುತ್ತದೆ, ಹಾಯೆನಿಸುತ್ತದೆ. ದ್ವಿಚಕ್ರ ಸವಾರರಿಗಾಗಿ ಒಂದು ನಿಮಿಷದ ಜಾಗೃತಿ ಚಿತ್ರಕ್ಕೆ ಬರೆಯಲು ಕುಳಿತಾಗ ನನಗೆ ಹಿಡಿಯಲು ಸಿಕ್ಕ ಎಳೆ ಇದೊಂದೇ: ನಮ್ಮ ಮೈ ಎತ್ತರಕ್ಕೆ ಹೆದರುತ್ತದೆ, ವೇಗಕ್ಕೆ ಹೆದರುವುದಿಲ್ಲ. ಹಾಗಾದರೆ ವೇಗವನ್ನೇ ಎತ್ತರವಾಗಿ ತೋರಿಸಿದರೆ?

ಮೊದಲು ನಾನು ಬರೆದದ್ದು ಬೇರೆಯೇ ಇತ್ತು. ರಸ್ತೆಯ ಮೇಲೆ ಬಿದ್ದ ಚಪ್ಪಲಿ, ರಕ್ತ, ಆಂಬುಲೆನ್ಸ್, ಅಳುವ ತಾಯಿ. ಅದನ್ನು ಓದಿ ಹೇಳಿದಾಗ ಕೇಳಿದವರೆಲ್ಲ ಮುಖ ತಿರುಗಿಸಿದರು. ರಕ್ತ ಕಂಡವರಿಗೆ ಅದು ಇನ್ಯಾರದೋ ಕಥೆ ಅನಿಸುತ್ತದೆ. ಅದನ್ನು ಹರಿದು ಹಾಕಿದೆ.

ವೇಗವನ್ನು ಎತ್ತರಕ್ಕೆ ಬದಲಿಸುವ ಲೆಕ್ಕ ಪ್ರೌಢಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಮೇಲಿನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಒಂದು ವೇಗ ಪಡೆದಿರುತ್ತದೆ. ಅದೇ ವೇಗ ಬರಬೇಕಾದರೆ ಎಷ್ಟು ಎತ್ತರದಿಂದ ಬೀಳಬೇಕು ಎಂದು ತಿರುಗಿಸಿ ಕೇಳಿದರಾಯಿತು. ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 254ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಸಿಗುತ್ತದೆ. 20ರ ವೇಗಕ್ಕೆ ಒಂದೂವರೆ ಮೀಟರ್. 30ಕ್ಕೆ ಮೂರೂವರೆ ಮೀಟರ್, ಮೊದಲ ಮಹಡಿಯ ಬಾಲ್ಕನಿ. 50ಕ್ಕೆ ಹತ್ತಿರ ಹತ್ತಿರ ಹತ್ತು ಮೀಟರ್, ಅಂದರೆ ಮೂರಂತಸ್ತಿನ ಮನೆಯ ತಾರಸಿ. 60ಕ್ಕೆ ಹದಿನಾಲ್ಕು ಮೀಟರ್ ದಾಟುತ್ತದೆ. ವೇಗ ಮೂವತ್ತರಿಂದ ಅರವತ್ತಕ್ಕೆ ದುಪ್ಪಟ್ಟಾದರೆ ಎತ್ತರ ನಾಲ್ಕು ಪಟ್ಟಾಗುತ್ತದೆ. ಸ್ಪೀಡೋಮೀಟರಿನ ಮುಳ್ಳು ಈ ಸಂಗತಿಯನ್ನು ಬಚ್ಚಿಡುತ್ತದೆ, ಏಕೆಂದರೆ ಅದರ ಮೇಲೆ ಹತ್ತು ಹತ್ತು ಕಿಲೋಮೀಟರಿನ ಗೆರೆಗಳೆಲ್ಲ ಸಮದೂರದಲ್ಲಿವೆ.

ಇದರ ಮೇಲೆ ಕಟ್ಟಿದ ಚಿತ್ರಕಥೆ ಹೀಗಿದೆ. ಬೆಳಗಿನ ಎಂಟು ಗಂಟೆ, ಮನೆಗಳು ಒತ್ತೊತ್ತಾಗಿರುವ ಒಂದು ಬೀದಿ. ಹುಡುಗನೊಬ್ಬ ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಸ್ಕೂಟರ್ ಹೊರಡಿಸುತ್ತಾನೆ. ಕ್ಯಾಮೆರಾ ಪಕ್ಕದಿಂದ ಅವನ ಜೊತೆಗೇ ಸಾಗುತ್ತದೆ. ಮೊದಲು ಹಿನ್ನೆಲೆಯಲ್ಲಿ ಅಂಗಡಿಯ ಬಾಗಿಲು, ಹಾಲಿನ ಕ್ರೇಟು. ಸ್ವಲ್ಪ ಹೊತ್ತಿಗೆ ಹಿಂದೆ ಹಾಯುತ್ತಿರುವುದು ಅಂಗಡಿಯಲ್ಲ, ಮೊದಲ ಮಹಡಿಯ ಬಾಲ್ಕನಿ. ಅಲ್ಲಿ ಒಬ್ಬರು ಹಲ್ಲುಜ್ಜುತ್ತಿದ್ದಾರೆ. ಆಮೇಲೆ ವಿದ್ಯುತ್ ತಂತಿ, ಅದರ ಮೇಲೊಂದು ಕಾಗೆ. ಹುಡುಗನಿಗೆ ಏನೂ ಗೊತ್ತಿಲ್ಲ, ಹಾಡು ಗುನುಗುತ್ತಿದ್ದಾನೆ. ಎಂಜಿನ್ ಸದ್ದು ಕ್ರಮೇಣ ಇಲ್ಲವಾಗಿ ಬರೀ ಗಾಳಿಯ ಸದ್ದು ಉಳಿಯುತ್ತದೆ. ಎದುರಿಗೆ ಏನೋ ಅಡ್ಡ ಬಂದಂತಾಗಿ ಬ್ರೇಕ್ ಹಿಡಿಯುತ್ತಾನೆ. ಪಕ್ಕದಲ್ಲೊಂದು ತಾರಸಿ. ಅಲ್ಲಿ ಸಂಡಿಗೆ ಒಣಹಾಕುತ್ತಿರುವ ಅಜ್ಜಿ ತಲೆ ಎತ್ತಿ ನೋಡುತ್ತಾರೆ.

“ಅಯ್ಯೋ ಮಗಾ, ಇಷ್ಟೆತ್ತರಕ್ಕೆ ಹೆಂಗಪ್ಪಾ ಬಂದೆ?”

“ನಾನೆಲ್ಲಿ ಹತ್ತಿದೆ ಅಜ್ಜಿ? ಬರೀ ಐವತ್ತರಲ್ಲಿ ಹೋಗ್ತಾ ಇದ್ದೆ.”

ಆಗ ಅವನು ಕೆಳಗೆ ನೋಡುತ್ತಾನೆ. ಕ್ಯಾಮೆರಾ ಮೊದಲ ಸಲ ಕೆಳಮುಖವಾಗುತ್ತದೆ. ಟೈರಿನ ಅಡಿಯಲ್ಲಿ ಹತ್ತು ಮೀಟರ್ ಖಾಲಿ, ಅದರ ತಳದಲ್ಲಿ ಟಾರು ರಸ್ತೆ. ಇಡೀ ಚಿತ್ರದಲ್ಲಿ ಮಾತು ಇಷ್ಟೇ. ಯಾರೂ ಬೀಳುವುದಿಲ್ಲ.

ಚಿತ್ರೀಕರಣದಲ್ಲಿ ನಟನನ್ನು ಅಷ್ಟೆತ್ತರಕ್ಕೆ ಏರಿಸುವ ಅಗತ್ಯವೇ ಇಲ್ಲ. ಸ್ಕೂಟರನ್ನು ಹಸಿರು ಪರದೆಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಫ್ಯಾನ್ ಗಾಳಿ ಬಿಟ್ಟರೆ ಸಾಕು. ಬೀದಿಯ ಹಿನ್ನೆಲೆಯನ್ನು ಅನುಮತಿ ಪಡೆದು ಡ್ರೋನ್‌ನಿಂದ ಬೇರೆಯಾಗಿ ತೆಗೆಯಬೇಕು. ಎಡವುವುದು ಎರಡು ಕಡೆ. ಬೀದಿಯಲ್ಲಿ ಬಿಸಿಲು ಎಡದಿಂದ ಬಿದ್ದು ಹುಡುಗನ ಮುಖಕ್ಕೆ ಬೆಳಕು ಬಲದಿಂದ ಬಿದ್ದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಸುಳ್ಳೆನಿಸಿಬಿಡುತ್ತದೆ. ಹಾಗೆಯೇ ಡ್ರೋನಿನ ಎತ್ತರ ಮುಳ್ಳಿನ ಲೆಕ್ಕಕ್ಕೆ ಸರಿಹೊಂದಿರಬೇಕು. ಇನ್ನಷ್ಟು ಹೆದರಿಸೋಣವೆಂದು ಮೂವತ್ತರ ವೇಗಕ್ಕೇ ತೆಂಗಿನ ಮರದ ತುದಿ ತೋರಿಸುವ ಆಸೆ ಬರುತ್ತದೆ. ಅದಕ್ಕೆ ಮಣಿದರೆ ಚಿತ್ರವೇ ಸುಳ್ಳಾಗುತ್ತದೆ.

ಈ ಹೋಲಿಕೆಗೂ ಒಂದು ಮಿತಿಯಿದೆ. ಐವತ್ತರಲ್ಲಿ ಬಿದ್ದವರೆಲ್ಲ ಮೂರಂತಸ್ತಿನಿಂದ ಬಿದ್ದಂತಲ್ಲ. ಸವಾರ ರಸ್ತೆಯ ಮೇಲೆ ಜಾರುತ್ತಾ ಹೋದರೆ ವೇಗ ನಿಧಾನವಾಗಿ ಕರಗುತ್ತದೆ, ಚರ್ಮ ಕಿತ್ತು ಹೋದರೂ ಜೀವ ಉಳಿಯಬಹುದು. ಲೆಕ್ಕ ಪೂರಾ ನಿಜವಾಗುವುದು ಹಾದಿಯಲ್ಲಿ ಅಲುಗದ ವಸ್ತು ಸಿಕ್ಕಾಗ: ನಿಂತ ಲಾರಿಯ ಹಿಂಬದಿ, ಮರ, ವಿಭಜಕದ ಕಾಂಕ್ರೀಟು.

ನಾನು ಹೆಚ್ಚು ಹೊತ್ತು ತಿಣುಕಾಡಿದ್ದು ಹೆಲ್ಮೆಟ್ಟಿನ ಬಗ್ಗೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತ ಸವಾರರು ಮತ್ತು ಹಿಂಬದಿ ಸವಾರರು 50,029. ಅದನ್ನು ಓದಿದ ಮೇಲೆ, ಹುಡುಗ ಹೆಲ್ಮೆಟ್ ಹಾಕಿದ ಕೂಡಲೇ ಸ್ಕೂಟರ್ ನೆಲಕ್ಕಿಳಿಯುವಂತೆ ಬರೆಯಬೇಕೆನಿಸಿತು. ಬರೆಯಲಿಲ್ಲ, ಅದು ನಿಜವಲ್ಲ. ಯುರೋಪಿನ 22.05 ಎಂಬ ನಿಯಮದಲ್ಲಿ ಹೆಲ್ಮೆಟ್ಟನ್ನು ಪರೀಕ್ಷೆಗೆ ಬಡಿಯುತ್ತಿದ್ದುದು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 27 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಮೀಟರಿಗೂ ಕಡಿಮೆ ಎತ್ತರ. ಸವಾರನ ತಲೆ ರಸ್ತೆಗೆ ಅಪ್ಪಳಿಸುವ ಎಷ್ಟೋ ಸಂದರ್ಭಗಳಿಗೆ ಅಷ್ಟು ಸಾಕು, ಏಕೆಂದರೆ ತಲೆ ನೆಲದಿಂದ ಇರುವುದೇ ಸುಮಾರು ಒಂದೂವರೆ ಮೀಟರ್ ಮೇಲೆ. ಆದರೆ ಮೂರಂತಸ್ತಿಗೆ ಸಾಲದು.

ಹೆಲ್ಮೆಟ್ ಮಾಡುವ ಕೆಲಸ ಒಳಗಿನ ಥರ್ಮೋಕೋಲ್ ಪದರದ್ದು. ಬರಿತಲೆ ಟಾರಿಗೆ ತಗುಲಿದರೆ ಕೆಲವೇ ಮಿಲಿಮೀಟರಿನಲ್ಲಿ ನಿಲ್ಲಬೇಕಾಗುತ್ತದೆ. ಥರ್ಮೋಕೋಲ್ ಕುಸಿಯುತ್ತಾ ಆ ನಿಲುಗಡೆಯನ್ನು ಎರಡು ಸೆಂಟಿಮೀಟರಿನಷ್ಟು ಉದ್ದ ಮಾಡುತ್ತದೆ. ನಿಲ್ಲುವ ದೂರ ಎಷ್ಟು ಪಟ್ಟು ಹೆಚ್ಚಿತೋ ಮಿದುಳಿಗೆ ಬೀಳುವ ಪೆಟ್ಟು ಅಷ್ಟು ಪಟ್ಟು ಕಡಿಮೆ. ಒಮ್ಮೆ ಕುಸಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿದಿದೆ. ರಸ್ತೆಬದಿಯ ತೆಳು ಟೋಪಿಯಲ್ಲಿ ಈ ಪದರವೇ ಇರುವುದಿಲ್ಲ. ಒಳಗಿನ ಬಟ್ಟೆ ಒತ್ತಿ ನೋಡಿದರೆ ಬೆರಳಿಗೆ ತಿಳಿಯುತ್ತದೆ: ಸ್ಪಂಜಿನ ಹಿಂದೆ ಗಟ್ಟಿಯಾದ, ದಪ್ಪನೆಯ ಪದರ ಸಿಗಬೇಕು. ಪಟ್ಟಿ ಕಟ್ಟಿದ ಮೇಲೆ ಹೆಲ್ಮೆಟ್ಟಿನ ಹಿಂಭಾಗವನ್ನು ಮೇಲಕ್ಕೂ ಮುಂದಕ್ಕೂ ತಳ್ಳಿ ನೋಡಬೇಕು. ಕಳಚಿ ಬಂದರೆ ಅಪಘಾತದಲ್ಲಿ ತಲೆ ನೆಲ ಮುಟ್ಟುವ ಮೊದಲೇ ಅದು ಹಾರಿಹೋಗಿರುತ್ತದೆ. ದೇಶದಲ್ಲಿ 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ.

ಆದ್ದರಿಂದ ಚಿತ್ರದ ಕೊನೆಯ ಇಪ್ಪತ್ತು ಸೆಕೆಂಡು ಎರಡು ಕೆಲಸ ಮಾಡಬೇಕಾಯಿತು. ಹುಡುಗ ನಿಧಾನವಾಗಿ ನೆಲಕ್ಕಿಳಿಯುತ್ತಾನೆ. ಕ್ಯಾಮೆರಾ ಅವನ ಗಲ್ಲದ ಹತ್ತಿರಕ್ಕೆ ಬರುತ್ತದೆ. ಹೆಲ್ಮೆಟ್ಟಿನ ಬಕಲ್ ಕೂರುವ ‘ಟಕ್’ ಸದ್ದು ಮಾತ್ರ ಕೇಳಬೇಕು. ಮತ್ತೆ ಹೊರಡುತ್ತಾನೆ, ಸ್ಕೂಟರ್ ಮತ್ತೆ ಏರುತ್ತದೆ, ಆದರೆ ಈ ಸಲ ಮೊದಲ ಮಹಡಿಯ ಬಾಲ್ಕನಿಯ ಮಟ್ಟದಲ್ಲೇ ಉಳಿಯುತ್ತದೆ. ತಾರಸಿಯ ಅಜ್ಜಿ ಅವನನ್ನು ಹುಡುಕಲು ಈಗ ಬಗ್ಗಿ ಕೆಳಗೆ ನೋಡಬೇಕು. ನೋಡುತ್ತಾರೆ, ಕೈ ಆಡಿಸುತ್ತಾರೆ, ಮತ್ತೆ ಸಂಡಿಗೆ ಒಣಹಾಕಲು ತಿರುಗುತ್ತಾರೆ.