ಭರಣಿಯೊಳಗಿನ ಬಾಯಾರಿಕೆ

ಸಾಗರ, ಸಿರ್ಸಿ, ರಿಪ್ಪನ್‌ಪೇಟೆ ಕಡೆ ಅಪ್ಪೆಮಿಡಿಯ ಕಾಲ ಬಂತೆಂದರೆ ಮನೆಯವರ ಮಾತೆಲ್ಲ ಸೊನೆ, ತೊಟ್ಟು, ಉಪ್ಪು ಈ ಮೂರರ ಸುತ್ತಲೇ ತಿರುಗುತ್ತದೆ. ಹೊಳೆಯಂಚಿನ ಮರದಿಂದ ಮಿಡಿಯನ್ನು ನೆಲಕ್ಕೆ ಬೀಳಿಸದೆ ಇಳಿಸಬೇಕು. ಪೆಟ್ಟು ತಿಂದ ಮಿಡಿ ಭರಣಿ ಸೇರಿದರೆ ತಾನು ಮೆತ್ತಗಾಗುವುದಲ್ಲದೆ ಅಕ್ಕಪಕ್ಕದ್ದನ್ನೂ ಹಾಳುಮಾಡುತ್ತದೆ. ಪರಿಮಳವೆಲ್ಲ ಸೊನೆಯಲ್ಲೇ ಇರುವುದರಿಂದ ತೊಟ್ಟನ್ನು ಬುಡಕ್ಕೆ ಕೀಳದೆ ಸ್ವಲ್ಪ ಉಳಿಸಿಕೊಳ್ಳುತ್ತಾರೆ. ಒರೆಸಿದ ಮಿಡಿ ಒಂದು ಪದರ, ಕಲ್ಲುಪ್ಪು ಒಂದು ಪದರ, ಹೀಗೆ ತುಂಬಿ ಮೇಲೊಂದು ಭಾರ ಹೇರಿ ಬಾಯಿ ಕಟ್ಟಿಡುತ್ತಾರೆ. ಕೆಲವು ದಿನ ಕಳೆದು ನೋಡಿದರೆ, ಹನಿ ನೀರನ್ನೂ ಹಾಕದ ಭರಣಿಯಲ್ಲಿ ನೀರು ನಿಂತಿರುತ್ತದೆ, ಮಿಡಿ ಸುಕ್ಕುಗಟ್ಟಿರುತ್ತದೆ. ಸಾಸಿವೆ, ಮೆಣಸಿನಕಾಯಿ, ಅರಿಸಿನದ ಖಾರ ಸೇರುವುದು ಆಮೇಲೆ.

ಇದರಲ್ಲಿ ಒಂದು ಒಗಟಿದೆ. ಮಲೆನಾಡಿನ ಮಳೆಗಾಲ ಎಂದರೆ ಬೆಲ್ಟಿಗೂ ಚಪ್ಪಲಿಗೂ ಬೂಸು ಹಿಡಿಯುವ ಕಾಲ. ಅಂಥ ಊರಿನ ಅಟ್ಟದ ಮೇಲೆ ನೀರು ತುಂಬಿದ ಭರಣಿಯೊಂದು ಎರಡು ವರ್ಷವಾದರೂ ಕೆಡದೆ ಕೂತಿರುತ್ತದೆ. ಕ್ರಿಮಿಗಳಿಗೆ ಬೇಕಾದ ನೀರು, ಹಿಟ್ಟು, ಸಕ್ಕರೆ ಎಲ್ಲವೂ ಅಲ್ಲೇ ಇದೆ. ಉಪ್ಪು ಅವುಗಳನ್ನು ಕೊಲ್ಲುತ್ತದೆ ಎಂಬುದು ಸುಲಭದ ಉತ್ತರ. ಆದರೆ ಉಪ್ಪು ಹೆಚ್ಚಿನ ಕ್ರಿಮಿಗಳನ್ನು ಕೊಲ್ಲುವುದಕ್ಕಿಂತ ಬೆಳೆಯದಂತೆ ತಡೆದು ಕೂರಿಸುತ್ತದೆ. ಹೇಗೆ ತಡೆಯುತ್ತದೆ ಎಂಬುದನ್ನು ಅಳತೆಗೆ ಸಿಗುವ ಹಾಗೆ ಹೇಳಲು ವಿಜ್ಞಾನಕ್ಕೆ ಇಪ್ಪತ್ತನೇ ಶತಮಾನದ ನಡುವಿನವರೆಗೂ ಆಗಿರಲಿಲ್ಲ.

ಅದಕ್ಕೆ ಮುಂಚೆ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಆಹಾರದಲ್ಲಿ ನೂರಕ್ಕೆ ಎಷ್ಟು ಪಾಲು ನೀರಿದೆ ಎಂಬುದು. ಲೆಕ್ಕ ತಾಳೆಯಾಗುತ್ತಿರಲಿಲ್ಲ. ವಿಜಯಪುರದ ಒಣದ್ರಾಕ್ಷಿಯಲ್ಲಿ ಶೇ 15ರಷ್ಟು ನೀರಿದ್ದರೂ ಅದು ಕೆಡುವುದಿಲ್ಲ. ಶೇಂಗಾ ಬೀಜದಲ್ಲಿ ಶೇ 10ರಷ್ಟು ನೀರು ಉಳಿದರೂ ಬೂಸು ಬರುವ ಭಯ. ನೀರು ಕಡಿಮೆಯಿದ್ದದ್ದು ಕೆಟ್ಟು, ಹೆಚ್ಚಿದ್ದದ್ದು ಉಳಿಯುವುದೆಂದರೆ ಅಳೆಯುತ್ತಿರುವ ಸಂಗತಿಯೇ ಬೇರೆ ಇರಬೇಕು.

ಅದನ್ನು ಸರಿಯಾಗಿ ಹಿಡಿದವರು ಆಸ್ಟ್ರೇಲಿಯಾದ ವಿಲಿಯಂ ಜೇಮ್ಸ್ ಸ್ಕಾಟ್. ಅವರ ಕೆಲಸ ಶುರುವಾದದ್ದು ಉಪ್ಪಿನಕಾಯಿಯಿಂದಲ್ಲ, ದನದ ಮಾಂಸದಿಂದ. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುವ ಮಾಂಸ ದಾರಿಯಲ್ಲೇ ಲೋಳೆಗಟ್ಟುತ್ತಿದ್ದ ಕಾಲದಲ್ಲಿ, ಮಾಂಸದ ಮೇಲ್ಮೈ ಎಷ್ಟು ಒಣಗಿದರೆ ಯಾವ ಕ್ರಿಮಿ ನಿಲ್ಲುತ್ತದೆ ಎಂದು ಅವರು 1930ರ ದಶಕದಲ್ಲೇ ಅಳೆಯತೊಡಗಿದ್ದರು. 1953ರಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅವರು ಬರೆದ ಪ್ರಬಂಧ ಚಿತ್ರವನ್ನೇ ಬದಲಿಸಿತು. ಮನುಷ್ಯರ ಮೂಗಿನಲ್ಲಿ, ಚರ್ಮದ ಮೇಲೆ ಇರುವ ಈ ಕ್ರಿಮಿಯನ್ನು ಅವರು ಬೇರೆಬೇರೆ ದ್ರಾವಣಗಳಲ್ಲಿ ಬೆಳೆಸಿ ನೋಡಿದರು. ಒಣ ಮಾಂಸ, ಹಾಲು, ಸೂಪಿನಲ್ಲೂ ಬೆಳೆಸಿದರು. ಕರಗಿಸಿದ ವಸ್ತು ಬದಲಾದರೂ ಅದರ ಬೆಳವಣಿಗೆ ನಿಂತದ್ದು ಸುಮಾರು ಒಂದೇ ಗೆರೆಯಲ್ಲಿ. ಆ ಗೆರೆ ನೀರಿನ ಪ್ರಮಾಣದ್ದಾಗಿರಲಿಲ್ಲ. ಆ ನೀರಿನಲ್ಲಿ ಎಷ್ಟು ಕೈಗೆ ಸಿಗುತ್ತದೆ ಎಂಬುದರದ್ದು. ಇದಕ್ಕೆ ವಾಟರ್ ಆ್ಯಕ್ಟಿವಿಟಿ ಎನ್ನುತ್ತಾರೆ. ಶುದ್ಧ ನೀರಿಗೆ 1, ಒಂದಿಷ್ಟೂ ನೀರು ಬಿಟ್ಟುಕೊಡದ ಒಣ ವಸ್ತುವಿಗೆ 0.

ಉಪ್ಪು ಕರಗಿದಾಗ ಅದರ ಕಣಗಳು ಸುತ್ತಲಿನ ನೀರನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಆ ನೀರು ಅಡವಿಟ್ಟ ಒಡವೆಯ ಹಾಗೆ. ಲೆಕ್ಕದಲ್ಲಿದೆ, ಮೈಮೇಲೆ ಹಾಕಿಕೊಳ್ಳಲು ಬರುವುದಿಲ್ಲ. ಕ್ರಿಮಿಯ ಪೊರೆಯ ಹೊರಗೆ ಇಂಥ ನೀರಿದ್ದರೆ ಒಳಗಿನ ನೀರೂ ಹೊರಕ್ಕೆ ಹರಿಯುತ್ತದೆ. ಮಿಡಿ ಸುಕ್ಕುಗಟ್ಟಿದ್ದೂ ಇದೇ ಕಾರಣಕ್ಕೆ.

ಈ ಸಂಖ್ಯೆಯನ್ನು ಅಳೆಯುವ ರೀತಿ ಅಡುಗೆಮನೆಗೆ ಹತ್ತಿರದ್ದೇ. ಪದಾರ್ಥವನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿಟ್ಟು, ಒಳಗಿನ ಗಾಳಿಯ ತೇವ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡುತ್ತಾರೆ. ತೇವ ಶೇ 75ಕ್ಕೆ ನಿಂತರೆ ಆ ಪದಾರ್ಥದ ಅಂಕಿ 0.75. ಇನ್ನು ಕರಗಲಾರದಷ್ಟು ಉಪ್ಪು ಕರಗಿದ ನೀರಿನ ಅಂಕಿ ಸರಿಯಾಗಿ ಇದೇ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದೂ ಇದರಿಂದಲೇ: ಹೊರಗಿನ ಗಾಳಿಯ ತೇವ ಶೇ 75 ದಾಟಿದ ಕೂಡಲೇ ಉಪ್ಪು ನೀರನ್ನು ಎಳೆದುಕೊಳ್ಳತೊಡಗುತ್ತದೆ. ಬೇಸಿಗೆಯಲ್ಲಿ ಗರಿಗರಿಯಾಗಿದ್ದ ಹಲಸಿನ ಹಪ್ಪಳ ಆಷಾಢದಲ್ಲಿ ಮೆತ್ತಗಾಗುವುದೂ ಹೀಗೆಯೇ. ಡಬ್ಬಿ ಬಿಗಿಯಿಲ್ಲದಿದ್ದರೆ ಒಣಗಿಸಿದ್ದೆಲ್ಲ ನಿಧಾನಕ್ಕೆ ಗಾಳಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದು 0.80 ತಲುಪಿತೆಂದರೆ ಸಾಮಾನ್ಯ ಬೂಸಿಗೆ ಬಾಗಿಲು ತೆರೆದಂತೆ.

ಈಗ ಭರಣಿಯ ಲೆಕ್ಕ ಹಾಕಬಹುದು. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಉಪ್ಪು ಎಂದಿಟ್ಟುಕೊಳ್ಳೋಣ. ಮಿಡಿಯಲ್ಲಿ 850 ಗ್ರಾಂ ನೀರಿದೆ ಎಂದು ಹಿಡಿದರೆ, ಉಪ್ಪೆಲ್ಲ ಕರಗಿ ಒಳಗೂ ಹೊರಗೂ ಸಮನಾದ ಮೇಲೆ ಸಿಗುವುದು ಶೇ 22–23ರ ಉಪ್ಪುನೀರು. ಅದರ ಅಂಕಿ ಹೆಚ್ಚುಕಡಿಮೆ 0.81. ಕೆಡಿಸುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು 0.91ರ ಕೆಳಗೆ ಬೆಳೆಯವು. ಹಟಮಾರಿ ಸ್ಟ್ಯಾಫಿಲೊಕಾಕಸ್ ಕೂಡ 0.86ರ ಆಸುಪಾಸಿನಲ್ಲಿ ಸೋಲುತ್ತದೆ. ಹಾಗಾಗಿ ಭರಣಿಯೊಳಗೆ ಅವುಗಳಿಗೆ ಆಟವಿಲ್ಲ.

ಈಗ ರಕ್ತದೊತ್ತಡದ ಭಯಕ್ಕೆ ಉಪ್ಪನ್ನು 100 ಗ್ರಾಮಿಗೆ ಇಳಿಸಿ ನೋಡಿ. ನೀರು ಶೇ 10ರಷ್ಟು ಉಪ್ಪಾಗುತ್ತದೆ, ಅಂಕಿ 0.93ಕ್ಕೆ ಏರುತ್ತದೆ. ನಾಲಿಗೆಗೆ ಇದೂ ಸಿಕ್ಕಾಪಟ್ಟೆ ಉಪ್ಪೇ. ಕ್ರಿಮಿಗಳ ಲೆಕ್ಕದಲ್ಲಿ ಮಾತ್ರ ಇದು ಬೇರೆಯದೇ ಊರು. ಮೇಲ್ಗಡೆ ಬಿಳಿ ಪದರ ಕಟ್ಟುವುದು, ಮಿಡಿ ಹಿಸುಕಿದರೆ ಮೆತ್ತಗಾಗುವುದು, ನೀರು ಕದಡಿ ಗುಳ್ಳೆ ಏಳುವುದು ಇಲ್ಲಿ ಶುರುವಾಗುತ್ತದೆ.

ಜಾಮ್‌ನಲ್ಲಿ ನೀರನ್ನು ಹಿಡಿದಿಡುವುದು ಸಕ್ಕರೆ. ಆದರೆ ಸಕ್ಕರೆಯ ಕಣ ದಪ್ಪ. ಉಪ್ಪಿನ ಕಣವೋ ಸಣ್ಣದು, ಕರಗಿದಾಗ ಎರಡಾಗಿ ಒಡೆಯುವುದು ಬೇರೆ. ತೂಕಕ್ಕೆ ತೂಕ ನೋಡಿದರೆ ಉಪ್ಪು ಸುಮಾರು 12 ಪಟ್ಟು ಕಣಗಳನ್ನು ಕೊಡುತ್ತದೆ. ಅದಕ್ಕೇ ಜಾಮ್ ಮಾಡುವವರು ಒಟ್ಟು ತೂಕದ ಮೂರನೇ ಎರಡು ಪಾಲು ಸಕ್ಕರೆಯೇ ಆಗುವ ತನಕ ಕುದಿಸಬೇಕಾಗುತ್ತದೆ. ಕುದಿಯುವ ಉಷ್ಣತೆ ನೀರಿನ ಕುದಿಬಿಂದುವಿಗಿಂತ ನಾಲ್ಕೈದು ಡಿಗ್ರಿ ಮೇಲೇರಿದಾಗ ಆ ಹದ ಬರುತ್ತದೆ. ಪುಸ್ತಕಗಳಲ್ಲಿ 105 ಡಿಗ್ರಿ ಎಂದಿರುವುದು ಕಡಲ ಮಟ್ಟದ ಊರಿಗೆ. ಬೆಂಗಳೂರಿನಲ್ಲಿ ನೀರು 97ರಲ್ಲೇ ಕುದಿಯುವುದರಿಂದ 101–102ಕ್ಕೆ ಇಳಿಸಿಬಿಡಬೇಕು. 105ಕ್ಕೆ ಕಾದರೆ ಅಂಟುಂಡೆಯಾಗುತ್ತದೆ. ಇಷ್ಟಾದರೂ ಜಾಮ್‌ನ ಅಂಕಿ 0.80ರ ಮೇಲೆಯೇ ಇರುವುದರಿಂದ ಬ್ಯಾಕ್ಟೀರಿಯಾ ಸೋತರೂ ಬೂಸು ಕಾದು ಕೂತಿರುತ್ತದೆ. ಸಕ್ಕರೆ ಕಡಿಮೆಯ ಜಾಮ್ ಬಾಟಲಿಯನ್ನು ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ ಎಂದು ಬರೆದಿರುವುದನ್ನು ಹಗುರಾಗಿ ತೆಗೆದುಕೊಳ್ಳಬಾರದು.

ಇನ್ನು ಹುಳಿ. ಅದನ್ನು ಅಂಕಿಯಲ್ಲಿ ಹೇಳುವ ಪಿಎಚ್ ಅಳತೆಯನ್ನು 1909ರಲ್ಲಿ ಕೊಟ್ಟವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಶಾಲೆಯಲ್ಲಿದ್ದ ಸೋರೆನ್ಸೆನ್. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಮಾವಿನಮಿಡಿಯ ಪಿಎಚ್ 3ರ ಆಸುಪಾಸು. ಇಲ್ಲಿ ಆಮ್ಲ ಕ್ರಿಮಿಯ ಪೊರೆಯನ್ನು ದಾಟಿ ಒಳಹೊಕ್ಕು ಅಲ್ಲಿ ಒಡೆಯುತ್ತದೆ. ಒಳಗೆ ಸೇರಿದ ಹುಳಿಯನ್ನು ಹೊರಗೆ ಎತ್ತಿಹಾಕುವುದರಲ್ಲೇ ಕ್ರಿಮಿಯ ಶಕ್ತಿಯೆಲ್ಲ ಕಳೆದು, ಬೆಳೆಯಲು ಏನೂ ಉಳಿಯುವುದಿಲ್ಲ.

ಇದರಲ್ಲಿ ನೆನಪಿಡಬೇಕಾದ ಗಡಿ 4.6. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ನರಗಳನ್ನು ನಿಶ್ಚಲಗೊಳಿಸುವ ವಿಷ ಮಾಡುತ್ತದೆ. ಗಾಳಿಯಿಲ್ಲದ ಜಾಗವೇ ಅದಕ್ಕೆ ಇಷ್ಟ. ಪಿಎಚ್ 4.6ಕ್ಕಿಂತ ಕೆಳಗೆ ಅದು ಬೆಳೆಯುವುದಿಲ್ಲ. ಎಣ್ಣೆ ಮುಳುಗುವಷ್ಟು ಇದ್ದರೆ ಉಪ್ಪಿನಕಾಯಿ ಕೆಡದು ಎಂಬ ನಂಬಿಕೆ ತಪ್ಪುವುದು ಇಲ್ಲೇ. ಎಣ್ಣೆ ಗಾಳಿಯನ್ನು ತಡೆಯುವುದರಿಂದ ಬೂಸಿಗೆ ಉಸಿರು ಕಟ್ಟುತ್ತದೆ, ನಿಜ. ಆದರೆ ಎಣ್ಣೆ ನೀರನ್ನು ಹಿಡಿದಿಡುವುದಿಲ್ಲ, ಹುಳಿಯನ್ನೂ ಕೊಡುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ, ಎಣ್ಣೆಯಲ್ಲಿಟ್ಟಿದ್ದ ಹೆಚ್ಚಿದ ಬೆಳ್ಳುಳ್ಳಿಯಿಂದ 36 ಮಂದಿಗೆ ಬೊಟುಲಿಸಂ ತಗಲಿತು. ಬೆಳ್ಳುಳ್ಳಿಗೆ ಹುಳಿಯಿಲ್ಲ, ಅದರಲ್ಲಿ ಉಪ್ಪೂ ಸಾಕಷ್ಟಿರಲಿಲ್ಲ. ಎಣ್ಣೆಯೋ ಗಾಳಿಯನ್ನು ಹೊರಗಿಟ್ಟು ಕ್ರಿಮಿಗೆ ಮನೆ ಕಟ್ಟಿಕೊಟ್ಟಿತ್ತು. ಈ ವಿಷಕ್ಕೆ ವಾಸನೆಯೂ ಇರುವುದಿಲ್ಲ, ಮೂಸಿ ನೋಡಿ ತಿಳಿಯುವ ಹಾಗಿಲ್ಲ. ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿಗೆ ನಿಂಬೆರಸವನ್ನೋ ಹುಣಸೆಯನ್ನೋ ಧಾರಾಳವಾಗಿ ಹಾಕುವುದು ರುಚಿಗೆ ಎಂದುಕೊಂಡವರು ಅದನ್ನು ಕಡಿಮೆ ಮಾಡುವ ಮೊದಲು ಯೋಚಿಸಬೇಕು.

ಬೂಸಿನ ಮುಂದೆ ಹುಳಿಯ ಆಟ ನಡೆಯುವುದಿಲ್ಲ. ಭರಣಿಯ ಬಾಯಲ್ಲಿ ಕಟ್ಟುವ ಬಿಳಿ ಪದರ ಸಾಮಾನ್ಯವಾಗಿ ಒಂದು ಜಾತಿಯ ಯೀಸ್ಟ್. ಉಪ್ಪಿಗೂ ಹುಳಿಗೂ ಹೆದರದ ಇದು ಗಾಳಿ ಇರುವ ಕಡೆ ಮಾತ್ರ ಬೆಳೆಯುತ್ತದೆ. ಮಿಡಿ ಮೇಲೆ ತೇಲದಂತೆ ಭಾರ ಇಡುವುದು ಇದಕ್ಕೇ. ಯೀಸ್ಟ್ ಬಂದರೆ ಏನಂತೆ, ಕೆನೆ ತೆಗೆದು ತಿನ್ನೋಣ ಎನ್ನುವವರಿದ್ದಾರೆ. ಆದರೆ ಈ ಪದರ ಅಲ್ಲಿರುವ ಹುಳಿಯನ್ನೇ ತಿಂದು ಬದುಕುತ್ತದೆ. ದಿನ ಕಳೆದಂತೆ ಮೇಲ್ಭಾಗದ ಹುಳಿ ಇಳಿದು, ಹಿಂದೆ ಹೊರಗಿದ್ದ ಕ್ರಿಮಿಗಳಿಗೂ ದಾರಿಯಾಗುತ್ತದೆ. ಒದ್ದೆ ಚಮಚ ಅದ್ದಬಾರದೆಂಬ ಅಜ್ಜಿಯರ ಕಟ್ಟಪ್ಪಣೆಯ ಹಿಂದೆ ಇರುವುದೂ ಮಡಿಯಷ್ಟೇ ಅಲ್ಲ. ಚಮಚದ ನೀರು ಭರಣಿಯ ತುಂಬ ಹರಡುವ ಮೊದಲು ಮೇಲ್ಗಡೆ ತೆಳುವಾಗಿ ನಿಲ್ಲುತ್ತದೆ. ಇಡೀ ಭರಣಿಯ ಅಂಕಿ 0.81 ಇದ್ದರೂ ಆ ಪದರದ ಅಂಕಿ 0.95 ಆಗಿರಬಹುದು. ಬಿಸಿಯಾಗಿರುವಾಗಲೇ ಮುಚ್ಚಿದ ಜಾಮ್ ಬಾಟಲಿಯ ಮುಚ್ಚಳದಿಂದ ಹನಿಗಳು ಬಿದ್ದರೂ ಇದೇ ಕಥೆ.

ಸಾಸಿವೆ ಇಲ್ಲಿ ಒಗ್ಗರಣೆಗಿಂತ ದೊಡ್ಡ ಕೆಲಸ ಮಾಡುತ್ತದೆ. ಹಸಿ ಸಾಸಿವೆಯನ್ನು ನೀರಿನೊಂದಿಗೆ ಅರೆದಾಗ ಮೂಗಿಗೆ ಏರುವ ಆ ಘಾಟು ಬೂಸನ್ನೂ ಯೀಸ್ಟನ್ನೂ ತಡೆಯುತ್ತದೆ. ಕಾಳಿನೊಳಗಿನ ಒಂದು ಕಿಣ್ವ ಅರೆದ ಮೇಲೆಯೇ ಆ ಘಾಟನ್ನು ಹುಟ್ಟಿಸುವುದು. ಚೆನ್ನಾಗಿ ಹುರಿದರೆ ಕಿಣ್ವ ಸತ್ತು, ಪರಿಮಳ ಉಳಿದರೂ ಕಾವಲು ಹೋಗುತ್ತದೆ.

ಜರ್ಮನಿಯ ಲೋಥಾರ್ ಲೈಸ್ಟ್ನರ್ 1970ರ ದಶಕದಲ್ಲಿ ಇದೆಲ್ಲವನ್ನೂ ಒಟ್ಟಿಗೆ ನೋಡುವ ರೀತಿಯನ್ನು ಕೊಟ್ಟರು. ಒಂದೇ ದೊಡ್ಡ ಗೋಡೆ ಬೇಡ. ಸಣ್ಣ ಸಣ್ಣ ಅಡೆತಡೆಗಳನ್ನು ಸಾಲಾಗಿ ಇಟ್ಟರೆ ಕ್ರಿಮಿ ಒಂದನ್ನು ದಾಟಿ ಇನ್ನೊಂದರಲ್ಲಿ ಸೋಲುತ್ತದೆ ಎಂಬುದು ಅವರ ವಾದ. ಉಪ್ಪು ಕಡಿಮೆ ಮಾಡಬೇಕೆನ್ನುವವರಿಗೆ ಇದರಲ್ಲೇ ದಾರಿಯೂ ಇದೆ. ಉಪ್ಪಿನ ಅಡ್ಡಗಟ್ಟೆ ತಗ್ಗಿಸಿದರೆ ಹುಳಿಯದ್ದನ್ನೋ ತಂಪಿನದ್ದನ್ನೋ ಎತ್ತರಿಸಬೇಕು: ನಿಂಬೆರಸ ಹೆಚ್ಚು, ಸಣ್ಣ ಬಾಟಲಿ, ಫ್ರಿಜ್ಜು. ಖಾರ ಅರೆಯಲು ಭರಣಿಯದೇ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ ಬಳಸಬೇಕು. ನಲ್ಲಿ ನೀರು ಸೇರಿಸಿದರೆ ಇಷ್ಟು ಹೊತ್ತು ಹಾಕಿದ ಲೆಕ್ಕವೆಲ್ಲ ಮೊದಲಿನಿಂದ ಹಾಕಬೇಕಾಗುತ್ತದೆ.