ಲಗ್ನಪತ್ರಿಕೆಯ ಖರ್ಚನ್ನು ಪಠ್ಯಪುಸ್ತಕ ಹೊರುವುದೇಕೆ?

ಮುದ್ರಣಾಲಯದಲ್ಲಿ ಕಾಗದ, ಶಾಯಿ, ಪ್ಲೇಟಿನ ಖರ್ಚು ಯಾವ ಕೆಲಸಕ್ಕೆ ಸೇರಿದ್ದೆಂದು ಹೇಳುವುದು ಸುಲಭ. ಬಾಡಿಗೆ, ಕರೆಂಟು, ಸಂಬಳ, ಯಂತ್ರದ ಸವಕಳಿ ಹಾಗಲ್ಲ. ಈ ಮೇಲುಖರ್ಚನ್ನು ಹಲವರು ಇಂಪ್ರೆಷನ್ ಲೆಕ್ಕದಲ್ಲಿ, ಅಂದರೆ ಹಾಳೆ ಯಂತ್ರದಲ್ಲಿ ಎಷ್ಟು ಸಲ ಹಾದುಹೋಯಿತೆಂಬುದರ ಮೇಲೆ ಹಂಚುತ್ತಾರೆ. ತಪ್ಪುವುದು ಅಲ್ಲೇ.

ಒಂದು ಕಾಲ್ಪನಿಕ ಪ್ರೆಸ್ಸಿನ ಲೆಕ್ಕ ನೋಡೋಣ. ತಿಂಗಳ ಮೇಲುಖರ್ಚು 3 ಲಕ್ಷ ರೂಪಾಯಿ, ಇಂಪ್ರೆಷನ್ 10 ಲಕ್ಷ. ಒಂದಕ್ಕೆ 30 ಪೈಸೆ. ತಲಾ 90,000 ಇಂಪ್ರೆಷನ್ನಿನ 10 ಪುಸ್ತಕಗಳಿವೆ. 100 ಲಗ್ನಪತ್ರಿಕೆಗಳೂ ಇವೆ. ಒಂದೊಂದೂ ಎರಡು ಬಣ್ಣದ 500 ಕಾರ್ಡು, ಒಂದೇ ಬಣ್ಣದ ಯಂತ್ರದಲ್ಲಿ 1,000 ಇಂಪ್ರೆಷನ್. ಹಳೆಯ ಲೆಕ್ಕದಲ್ಲಿ ಪುಸ್ತಕಕ್ಕೆ 27,000, ಲಗ್ನಪತ್ರಿಕೆಗೆ ಬರೀ 300 ರೂಪಾಯಿ ಬೀಳುತ್ತದೆ.

ಆದರೆ 500 ಕಾರ್ಡಿಗೂ ಪ್ಲೇಟ್ ಕಟ್ಟಬೇಕು, ಬಣ್ಣ ಬದಲಿಸುವಾಗ ರೋಲರ್ ತೊಳೆಯಬೇಕು, ಅಚ್ಚು ಸರಿ ಕೂರುವವರೆಗೆ ಹಾಳೆ ಓಡಿಸಿ ನೋಡಬೇಕು. ಹೆಸರು, ಮುಹೂರ್ತ ತಿದ್ದಿಸಲು ಮನೆಯವರು ಮತ್ತೆ ಮತ್ತೆ ಪ್ರೂಫ್ ಕೇಳುತ್ತಾರೆ. ಅಮೆರಿಕದ ರಾಬಿನ್ ಕೂಪರ್ ಮತ್ತು ರಾಬರ್ಟ್ ಕಪ್ಲಾನ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ಚಟುವಟಿಕೆ ಆಧಾರಿತ ವೆಚ್ಚಗಣನೆ ಹಿಡಿಯುವುದು ಇದನ್ನೇ. ಖರ್ಚನ್ನು ಮೊದಲು ಚಟುವಟಿಕೆಗಳಿಗೆ ಹಂಚಿ, ಯಾವ ಕೆಲಸ ಅವನ್ನು ಎಷ್ಟು ಬಳಸಿತೋ ಅಷ್ಟನ್ನು ಅದರ ಮೇಲೆ ಹಾಕುವುದು ಕ್ರಮ.

ನಮ್ಮ ಪ್ರೆಸ್ಸಿನಲ್ಲಿ ಯಂತ್ರ ಓಡಿಸಲು 1,50,000 ರೂಪಾಯಿ. ಇಂಪ್ರೆಷನ್ನಿಗೆ 15 ಪೈಸೆ. ಯಂತ್ರ ಸಜ್ಜುಗೊಳಿಸಲು 90,000. ತಿಂಗಳಿಗೆ 300 ಸಲ, ಸಲಕ್ಕೆ 300 ರೂಪಾಯಿ. ಡಿಟಿಪಿ, ಪ್ರೂಫ್‌ಗೆ 60,000. 400 ಪ್ರೂಫ್, ಒಂದಕ್ಕೆ 150.

ಲಗ್ನಪತ್ರಿಕೆಗೆ ಓಟ 150, ಎರಡು ಸಜ್ಜಿಕೆ 600, ಮೂರು ಪ್ರೂಫ್ 450: ಒಟ್ಟು 1,200 ರೂಪಾಯಿ. ಹಳೆಯ ಲೆಕ್ಕದ ನಾಲ್ಕು ಪಟ್ಟು! ಪುಸ್ತಕಕ್ಕೆ ಓಟ 13,500, ಹತ್ತು ಸಜ್ಜಿಕೆ 3,000, ಹತ್ತು ಪ್ರೂಫ್ 1,500: ಒಟ್ಟು 18,000. ಹಿಂದೆ ಅದರ ತಲೆಗೆ 9,000 ಹೆಚ್ಚು ಕಟ್ಟಿದ್ದೆವು. ಆ ದರ ನೋಡಿ ಪ್ರಕಾಶಕರು ಪಕ್ಕದ ಪ್ರೆಸ್ಸಿಗೆ ಹೋಗುತ್ತಾರೆ. ಅಗ್ಗವೆಂದು ಲಗ್ನಪತ್ರಿಕೆಗಳು ಇಲ್ಲಿಗೆ ನುಗ್ಗುತ್ತವೆ. ಕೈತುಂಬ ಕೆಲಸವಿದ್ದೂ ಲಾಭ ಕಾಣುವುದಿಲ್ಲ.

ಹಾಗೆಂದು ಲಗ್ನಪತ್ರಿಕೆಯನ್ನೇ ಬಿಟ್ಟರೆ ತಲಾ 1,200 ಉಳಿಯುತ್ತದೆಂದಲ್ಲ. ಬಾಡಿಗೆ, ಸಂಬಳ ಹಾಗೇ ಇರುತ್ತವೆ. ಬಿಡುವಾದ ಯಂತ್ರಕ್ಕೆ ಬೇರೆ ಕೆಲಸ ಸಿಕ್ಕರಷ್ಟೇ ಲಾಭ. ನಾಲ್ಕು ಬಣ್ಣದ ಕೆಲಸಕ್ಕೆ ಸಜ್ಜಿಕೆ ಹೆಚ್ಚು ಹೊತ್ತು ಹಿಡಿಯುವಲ್ಲಿ ಸಲದ ಬದಲು ನಿಮಿಷಗಳನ್ನೇ ಎಣಿಸಬೇಕು.

ಪರಿಹಾರ ದರಪಟ್ಟಿಯಲ್ಲಿದೆ. ಸಣ್ಣ ಕೆಲಸಕ್ಕೆ ಕನಿಷ್ಠ ಸಜ್ಜಿಕೆ ಶುಲ್ಕ ಇಡಿ, ಎರಡನೆಯ ಪ್ರೂಫಿನ ನಂತರದ ತಿದ್ದುಪಡಿಗೆ ಹಣ ಕೇಳಿ, ಒಂದೇ ಕಾಗದ, ಒಂದೇ ಬಣ್ಣದ ಕಾರ್ಡುಗಳನ್ನು ಒಂದೇ ಹಾಳೆಯಲ್ಲಿ ಕೂಡಿಸಿ ಅಚ್ಚು ಹಾಕಿ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ತಿಂಗಳು ಪ್ರತಿ ಜಾಬ್ ಕಾರ್ಡಿನಲ್ಲಿ ಸಜ್ಜಿಕೆಯ ಹೊತ್ತು ಮತ್ತು ಪ್ರೂಫಿನ ಸಂಖ್ಯೆ ಬರೆದಿಡಿ. ದರ ನಿಗದಿ ಮಾಡಲು ಅಷ್ಟು ಸಾಕು.